ಮೊದಲ ತರಗತಿಯಲ್ಲೇ ಒಂದು ತಪ್ಪು ಉತ್ತರ ಬರೆಸುವುದು

ಸಂಖ್ಯಾಶಾಸ್ತ್ರದ ಮೊದಲ ಕೋರ್ಸಿಗೆ ಬಂದವರ ಕೈಗೆ ನಾವು ಕೊಡುವ ಸಿಲಬಸ್ ಒಂದೇ ಪುಟದ್ದು. ದತ್ತಾಂಶದ ವರ್ಗೀಕರಣ, ಸರಾಸರಿ, ಸಂಭವನೀಯತೆ, ಷರತ್ತುಬದ್ಧ ಸಂಭವನೀಯತೆ, ಸ್ಯಾಂಪ್ಲಿಂಗ್, ಅಂದಾಜು, ಹೈಪಾಥಿಸಿಸ್ ಟೆಸ್ಟಿಂಗ್, ರಿಗ್ರೆಶನ್. ಒಂದು ಸಲ ಓದಿ ನೋಡಿ: ಎಲ್ಲವೂ ನಾಮಪದಗಳೇ, ಒಂದು ಕ್ರಿಯಾಪದವೂ ಇಲ್ಲ. ಏನೇನು ಬರುತ್ತದೆ ಎಂದು ಪುಟ ಹೇಳುತ್ತದೆ. ಬಂದದ್ದರಿಂದ ಕೂತವರ ಕೈಯಲ್ಲಿ ಏನಾಗುತ್ತದೆ ಎಂಬುದರ ಬಗ್ಗೆ ಒಂದಕ್ಷರವೂ ಇಲ್ಲ.

ಹಲವು ವರ್ಷ ನಾನು ಮೊದಲ ದಿನ ಈ ಪುಟವನ್ನು ಗಟ್ಟಿಯಾಗಿ ಓದುತ್ತಿದ್ದೆ. ಓದಿ, ಅಂಕಗಳ ಹಂಚಿಕೆ ಹೇಳಿ, ಹಾಜರಾತಿಯ ಬಗ್ಗೆ ಎಚ್ಚರಿಸಿ, ಅರ್ಧ ಗಂಟೆಗೆ ಬಿಟ್ಟುಬಿಡುತ್ತಿದ್ದೆ. ಕೆಳಗೆ "ಕಲಿಕೆಯ ಫಲಗಳು" ಅಂತ ನಾಲ್ಕು ಸಾಲು ಇರುತ್ತಿದ್ದವು. ನಾಲ್ಕೂ "ಅರ್ಥಮಾಡಿಕೊಳ್ಳುವರು" ಎಂದೇ ಮುಗಿಯುತ್ತಿದ್ದವು. ಅವನ್ನು ಬರೆದವನೂ ನಾನೇ.

ಅದರ ಬೆಲೆ ನನಗೆ ತಿಳಿದದ್ದು ತಡವಾಗಿ. ಷರತ್ತುಬದ್ಧ ಸಂಭವನೀಯತೆಯ ಪ್ರಶ್ನೆಗೆ ಪೂರ್ತಿ ಅಂಕ ತೆಗೆದ ಹುಡುಗನೊಬ್ಬ ಪರೀಕ್ಷೆ ಮುಗಿದ ಮೇಲೆ ಮಾತಾಡುತ್ತಾ ಹೇಳಿದ: "ಸರ್, ಅಪಘಾತದಲ್ಲಿ ಗಾಯಗೊಂಡ ಚಾಲಕರಲ್ಲಿ ಹೆಚ್ಚಿನವರು ಹತ್ತಾರು ವರ್ಷ ಗಾಡಿ ಓಡಿಸಿದವರಂತೆ. ಅನುಭವ ಜಾಸ್ತಿ ಆದಷ್ಟೂ ಅಪಾಯ ಜಾಸ್ತಿ ಅಂತ ಆಯಿತಲ್ಲ?" ರಸ್ತೆಯಲ್ಲಿ ಇರುವವರಲ್ಲೇ ಅನುಭವಿಗಳು ಹೆಚ್ಚು ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಗಾಯಗೊಂಡವರಲ್ಲಿ ಅನುಭವಿಗಳೆಷ್ಟು, ಅನುಭವಿಗಳಲ್ಲಿ ಗಾಯಗೊಂಡವರೆಷ್ಟು, ಇವು ಬೇರೆ ಬೇರೆ ಪ್ರಶ್ನೆಗಳು. ಒಂದೊಂದಕ್ಕೂ ಭಾಜಕ ಬೇರೆ. ಇದೇ ಸೂತ್ರವನ್ನು ಅವನು ಹದಿನೈದು ದಿನದ ಹಿಂದೆ ತಪ್ಪಿಲ್ಲದೆ ಬರೆದಿದ್ದ. ಅವನನ್ನು ದೂರುವಂತಿರಲಿಲ್ಲ. ಸೂತ್ರ ಬರೆಯಿರಿ ಎಂದೆವು, ಬರೆದ. ಬೇರೇನೂ ಮಾಡು ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಆಮೇಲಿಂದ ಮೊದಲ ತರಗತಿಯ ಒಂದು ಗಂಟೆಯನ್ನು ನಾನು ಒಂದೇ ಲೆಕ್ಕಕ್ಕೆ ಕೊಡುತ್ತೇನೆ. ಸಿಲಬಸ್ ಪುಟ ಹೊರಬರುವುದು ಆ ಲೆಕ್ಕ ಮುಗಿದ ಮೇಲೆಯೇ.

ಒಳಗೆ ಬಂದು ಕೂತ ಕೂಡಲೇ ಪ್ರತಿಯೊಬ್ಬರಿಗೂ ಒಂದು ಚೀಟಿ. ಅದರಲ್ಲಿ ಇಷ್ಟೇ ಇರುತ್ತದೆ: ಮೂತ್ರಪಿಂಡದ ಕಲ್ಲಿಗೆ ಎರಡು ಚಿಕಿತ್ಸೆಗಳಿವೆ. ಮೊದಲನೆಯದು ಮೈ ಕೊಯ್ದು ಮಾಡುವ ದೊಡ್ಡ ಶಸ್ತ್ರಚಿಕಿತ್ಸೆ, ಅದನ್ನು 'ಅ' ಎನ್ನೋಣ. ಎರಡನೆಯದು ಸಣ್ಣ ರಂಧ್ರದ ಮೂಲಕ ಕಲ್ಲು ತೆಗೆಯುವುದು, ಅದು 'ಆ'. 'ಅ' ಪಡೆದ 350 ಜನರಲ್ಲಿ 273 ಮಂದಿಗೆ ಗುಣವಾಯಿತು. 'ಆ' ಪಡೆದ 350 ಜನರಲ್ಲಿ 289 ಮಂದಿಗೆ ಗುಣವಾಯಿತು. ಗುಣವೆಂದರೆ ಮೂರು ತಿಂಗಳ ಬಳಿಕ ಕಲ್ಲು ಪೂರ್ತಿ ಹೋಗಿರಬೇಕು, ಇಲ್ಲವೇ ಉಳಿದ ಚೂರು 2 ಮಿಲಿಮೀಟರಿಗಿಂತ ಚಿಕ್ಕದಿರಬೇಕು. ಇವು ಕಟ್ಟಿದ ಅಂಕಿಗಳಲ್ಲ, 1986ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದವು.

ಕೆಳಗೆ ಮೂರು ಪ್ರಶ್ನೆ. ನಿಮ್ಮ ಮನೆಯವರಿಗೆ ಯಾವುದನ್ನು ಆರಿಸುತ್ತೀರಿ? ಯಾಕೆ? ತೀರ್ಮಾನಿಸುವ ಮೊದಲು ಇನ್ನೇನಾದರೂ ಕೇಳುತ್ತೀರಾ?

ಹತ್ತು ನಿಮಿಷ, ಪಕ್ಕದವರೊಡನೆ ಮಾತಿಲ್ಲ. ಶೇಕಡಾ 78, ಶೇಕಡಾ 83. ಲೆಕ್ಕ ಐದನೇ ತರಗತಿಯದ್ದು. ಹೆಚ್ಚುಕಡಿಮೆ ಇಡೀ ತರಗತಿ 'ಆ' ಎಂದು ಬರೆಯುತ್ತದೆ, ಅದೂ ಧೈರ್ಯವಾಗಿ. ಮೂರನೇ ಪ್ರಶ್ನೆಗೆ ಕೆಲವರು "ಖರ್ಚು ಎಷ್ಟು" ಎಂದು ಬರೆಯುತ್ತಾರೆ, ಬಹಳಷ್ಟು ಜನ ಖಾಲಿ ಬಿಡುತ್ತಾರೆ. ಹೆಸರು ಬರೆಸಿ ಚೀಟಿ ಮಡಿಸಿ ತೆಗೆದುಕೊಳ್ಳುತ್ತೇನೆ. ಅವು ಕೋರ್ಸಿನ ಕೊನೆಯ ವಾರದವರೆಗೆ ನನ್ನ ಕಪಾಟಿನಲ್ಲಿರುತ್ತವೆ.

ಆಮೇಲೆ ಹಲಗೆಯ ಮೇಲೆ ಅದೇ 700 ಜನರನ್ನು ಕಲ್ಲಿನ ಗಾತ್ರದ ಪ್ರಕಾರ ವಿಂಗಡಿಸಿ ಬರೆಯುತ್ತೇನೆ. ಸಣ್ಣ ಕಲ್ಲೆಂದರೆ 2 ಸೆಂಟಿಮೀಟರಿಗಿಂತ ಕಡಿಮೆ.

| | ಚಿಕಿತ್ಸೆ ಅ | ಚಿಕಿತ್ಸೆ ಆ |
|---|---|---|
| ಸಣ್ಣ ಕಲ್ಲು | 87ರಲ್ಲಿ 81 (93%) | 270ರಲ್ಲಿ 234 (87%) |
| ದೊಡ್ಡ ಕಲ್ಲು | 263ರಲ್ಲಿ 192 (73%) | 80ರಲ್ಲಿ 55 (69%) |
| ಒಟ್ಟು | 350ರಲ್ಲಿ 273 (78%) | 350ರಲ್ಲಿ 289 (83%) |

ಸಣ್ಣ ಕಲ್ಲಿನವರಲ್ಲಿ 'ಅ' ಮೇಲು. ದೊಡ್ಡ ಕಲ್ಲಿನವರಲ್ಲೂ 'ಅ' ಮೇಲು. ಕೂಡಿಸಿದರೆ 'ಆ' ಮೇಲು!

ಇಲ್ಲಿ ನಾನು ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ಮೊದಲು ಬರುವ ಅನುಮಾನ ಕೂಡಿಸಿದ್ದರ ಮೇಲೆ: ಎಲ್ಲೋ ಲೆಕ್ಕ ತಪ್ಪಿದೆ ಎಂದು. ಕೂಡಿಸಿ ನೋಡಿ ಎನ್ನುತ್ತೇನೆ. 81ಕ್ಕೆ 192 ಸೇರಿಸಿದರೆ 273, 87ಕ್ಕೆ 263 ಸೇರಿಸಿದರೆ 350. ಸರಿಯಾಗಿಯೇ ಇದೆ. ಎರಡು ಮೂರು ನಿಮಿಷದಲ್ಲಿ ಯಾರಾದರೊಬ್ಬರ ಕಣ್ಣು ಭಾಜಕಗಳ ಮೇಲೆ ಬೀಳುತ್ತದೆ: ದೊಡ್ಡ ಕಲ್ಲಿನ 343 ಜನರಲ್ಲಿ 263 ಮಂದಿ 'ಅ' ಕಡೆಗೇ ಹೋಗಿದ್ದಾರೆ. ಅಂದರೆ ಕಷ್ಟದ ರೋಗಿಗಳು ಹೆಚ್ಚಾಗಿ 'ಅ' ಪಾಲಿಗೆ, ಸುಲಭದವರು ಹೆಚ್ಚಾಗಿ 'ಆ' ಪಾಲಿಗೆ. ದೊಡ್ಡ ಕಲ್ಲು ಯಾವ ಚಿಕಿತ್ಸೆಗೂ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಹೀಗಾಗಿ 'ಅ'ದ ಒಟ್ಟು ಶೇಕಡಾವಾರು ಕೆಳಗೆ ಬಿದ್ದದ್ದು ಚಿಕಿತ್ಸೆಯ ದೋಷದಿಂದಲ್ಲ, ಬಂದ ರೋಗಿಗಳ ಬೆರಕೆಯಿಂದ. ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಎಂಬ ಹೆಸರಿದೆ. ಎಡ್ವರ್ಡ್ ಸಿಂಪ್ಸನ್ 1951ರಲ್ಲಿ ಇದರ ಬಗ್ಗೆ ಬರೆದರು, ಅವರಿಗಿಂತ ಮೊದಲೂ ಇದನ್ನು ಗಮನಿಸಿದವರಿದ್ದರು. ಹೆಸರನ್ನು ಮೊದಲ ದಿನ ಹೇಳಲೇಬೇಕೆಂದೇನೂ ಇಲ್ಲ. ಹೇಳಿದರೆ ಎಲ್ಲರೂ ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಲೆಕ್ಕ ಬಿಟ್ಟುಬಿಡುತ್ತಾರೆ.

ಈಗ ಸಿಲಬಸ್ ಹಂಚುತ್ತೇನೆ. ಹಲಗೆಯ ಮೇಲೆ ಕೋಷ್ಟಕ ಇನ್ನೂ ಇರುತ್ತದೆ. ಒಂದೊಂದು ಯೂನಿಟ್ಟಿನ ಪಕ್ಕದಲ್ಲೂ, ಈ ಕೋಷ್ಟಕದ ಮುಂದೆ ನಿಂತಾಗ ಆ ಯೂನಿಟ್ ನಿಮ್ಮಿಂದ ಏನು ಮಾಡಿಸುತ್ತದೆ ಎಂಬುದನ್ನು ಬರೆಯುತ್ತಾ ಹೋಗುತ್ತೇವೆ.

ಮೊದಲ ಯೂನಿಟ್, ವರ್ಗೀಕರಣ. ನಿಮಗೆ ಸಿಕ್ಕಿದ್ದು ಆಗಲೇ ಎಣಿಸಿಟ್ಟ ಕೋಷ್ಟಕ. ಆಸ್ಪತ್ರೆಯಲ್ಲಿ ಇರುವುದು 700 ಸಾಲಿನ ಪಟ್ಟಿ. ಸಾಲಿಗೊಬ್ಬ ರೋಗಿ, ಗಾತ್ರ, ಚಿಕಿತ್ಸೆ, ಫಲಿತಾಂಶ. ಆ ಪಟ್ಟಿಯಿಂದ ಈ ಕೋಷ್ಟಕವನ್ನು ನೀವೇ ಕಟ್ಟುತ್ತೀರಿ. ಇದು ಬೇಗ ಬರುತ್ತದೆ, ಇದರ ಮೇಲೆ ಹೆಚ್ಚು ಮಾತು ಬೇಡ.

ಎರಡನೆಯದು ಷರತ್ತುಬದ್ಧ ಸಂಭವನೀಯತೆ, ನಮ್ಮ ಅಪಘಾತದ ಹುಡುಗ ಎಡವಿದ ಜಾಗ. ಪುಸ್ತಕದಲ್ಲಿ ಇದು ಒಂದು ಗೆರೆ:

```
P(ಗುಣ | ಅ) = 273/350
P(ಗುಣ | ಅ, ಸಣ್ಣ ಕಲ್ಲು) = 81/87
```

P ಎಂದರೆ ಸಂಭವನೀಯತೆ. ನಡುವಿನ ನೆಟ್ಟನೆ ಗೆರೆಯನ್ನು "ಎಂದು ಗೊತ್ತಿದ್ದಾಗ" ಎಂದು ಓದಬೇಕು. ಗೆರೆಯ ಬಲಗಡೆ ಏನು ಬರೆಯುತ್ತೀರೋ ಅದೇ ಭಾಜಕವನ್ನು ನಿರ್ಧರಿಸುತ್ತದೆ, ಇಡೀ ಯೂನಿಟ್ಟಿನ ಸಾರ ಇಷ್ಟೇ. ಹಾಗಾಗಿ ಇಲ್ಲಿ ನಾನು ಕೊಡುವ ಮಾತು "ಷರತ್ತುಬದ್ಧ ಸಂಭವನೀಯತೆಯನ್ನು ಅರ್ಥಮಾಡಿಕೊಳ್ಳುವಿರಿ" ಎಂದಲ್ಲ. ಹಲಗೆಯ ಮೇಲೆ ಬರೆಯುವುದು ಹೀಗೆ: "ಪತ್ರಿಕೆಯಲ್ಲಿ ಬರುವಂಥ ಒಂದು ವಾಕ್ಯ ಮತ್ತು ಒಂದು ಕೋಷ್ಟಕ ಕೊಟ್ಟರೆ, ಕ್ಯಾಲ್ಕುಲೇಟರ್ ಇಟ್ಟುಕೊಂಡು, ಆ ವಾಕ್ಯಕ್ಕೆ ಯಾವ ಭಾಜಕ ಬೇಕೋ ಅದನ್ನು ಆರಿಸಿ, ಯಾಕೆ ಅದೇ ಎಂದು ಒಂದು ವಾಕ್ಯದಲ್ಲಿ ಹೇಳುವಿರಿ, ಐದು ವಾಕ್ಯಗಳಲ್ಲಿ ನಾಲ್ಕಾದರೂ ಸರಿ ಇರಬೇಕು."

ಈ ಸಾಲಿನ ಆಕಾರ ನನ್ನದಲ್ಲ. ರಾಬರ್ಟ್ ಮೇಗರ್ 1962ರಲ್ಲಿ ಕಲಿಕೆಯ ಗುರಿ ಹೇಗೆ ಬರೆಯಬೇಕೆಂದು ಹೇಳುವಾಗ ಮೂರು ಭಾಗ ಕೇಳಿದರು: ಕಲಿತವರು ಏನು ಮಾಡುತ್ತಾರೆ, ಯಾವ ಸ್ಥಿತಿಯಲ್ಲಿ ಮಾಡುತ್ತಾರೆ, ಎಷ್ಟು ಚೆನ್ನಾಗಿ ಮಾಡಿದರೆ ಸಾಕು. ಮೂರರಲ್ಲಿ ಒಂದು ತಪ್ಪಿದರೂ ಗುರಿ ಜಾರಿಹೋಗುತ್ತದೆ. ಸ್ಥಿತಿ ಹೇಳದಿದ್ದರೆ ಸೂತ್ರ ಬಾಯಿಪಾಠ ಮಾಡಬೇಕೇ ಬೇಡವೇ ಎಂಬುದು ವಿದ್ಯಾರ್ಥಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಮಟ್ಟ ಹೇಳದಿದ್ದರೆ ಅವರೂ ನಾವೂ ನಮನಮಗೆ ಬೇಕಾದಂತೆ ಊಹಿಸಿಕೊಳ್ಳುತ್ತೇವೆ. ಎಲ್ಲಾ ಸಾಲಿಗೂ ಶೇಕಡಾವಾರು ಅಂಟಿಸುವ ಹುಚ್ಚು ನನಗಿಲ್ಲ. ಕೆಲವು ಕೆಲಸಗಳ ಮಟ್ಟವನ್ನು ಸಂಖ್ಯೆಯಲ್ಲಿ ಹಿಡಿಯಲಾಗದು. ಆದರೆ "ಏನು ಮಾಡುತ್ತಾರೆ" ಎಂಬ ಮೊದಲ ಭಾಗಕ್ಕೆ ವಿನಾಯಿತಿ ಇಲ್ಲ.

ಬೆಂಜಮಿನ್ ಬ್ಲೂಮ್ ಮತ್ತು ಜೊತೆಗಾರರು 1956ರಲ್ಲಿ ಕಲಿಕೆಯ ಮಟ್ಟಗಳನ್ನು ಪಟ್ಟಿ ಮಾಡಿದಾಗ ಅವೂ ನಾಮಪದಗಳಾಗಿದ್ದವು: ಜ್ಞಾನ, ಗ್ರಹಿಕೆ, ಅನ್ವಯ ಹೀಗೆ. 2001ರ ಪರಿಷ್ಕರಣೆಯಲ್ಲಿ ಅವನ್ನೆಲ್ಲ ಕ್ರಿಯಾಪದ ಮಾಡಿದರು. ತಮಾಷೆಯೆಂದರೆ "ಅರ್ಥಮಾಡಿಕೊಳ್ಳು" ಆ ಹೊಸ ಪಟ್ಟಿಯಲ್ಲೂ ಇದೆ. ಹಾಗಾಗಿ ಆ ಪದ ತಪ್ಪು ಎಂದು ನಾನು ಹೇಳಲಾರೆ. ಅಲ್ಲೂ ಅದರ ಕೆಳಗೆ ವಿವರಿಸು, ಹೋಲಿಸು, ಉದಾಹರಣೆ ಕೊಡು ಎಂಬ ಕಾಣುವ ಕೆಲಸಗಳಿವೆ. ಬರೀ ಮೇಲಿನ ಪದವನ್ನು ಎತ್ತಿಕೊಂಡು ಕೆಳಗಿನದನ್ನು ಬಿಟ್ಟರೆ, ಆ ಗುರಿ ಮುಟ್ಟಿದೆವೋ ಇಲ್ಲವೋ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ.

ಮೂರನೇ ಯೂನಿಟ್ ಸ್ಯಾಂಪ್ಲಿಂಗ್. ಇಲ್ಲಿ ಕೋಷ್ಟಕಕ್ಕೆ ಕೇಳುವ ಪ್ರಶ್ನೆ: ದೊಡ್ಡ ಕಲ್ಲಿನವರನ್ನು 'ಅ' ಕಡೆಗೆ ಕಳಿಸಿದವರು ಯಾರು? ಚೀಟಿ ಎತ್ತಿ ಹಂಚಿದ್ದಲ್ಲ. ರೋಗಿಯನ್ನು ನೋಡಿ ಚಿಕಿತ್ಸೆ ನಿರ್ಧಾರವಾದಾಗ ರೋಗದ ತೀವ್ರತೆಯೂ ಚಿಕಿತ್ಸೆಯ ಬೆನ್ನಿಗೇ ಬರುತ್ತದೆ. ಚೀಟಿ ಎತ್ತಿ ಹಂಚಿದ್ದರೆ ಎರಡೂ ಕಡೆ ಸಣ್ಣ ದೊಡ್ಡ ಕಲ್ಲುಗಳು ಸುಮಾರು ಸಮನಾಗಿ ಬೀಳುತ್ತಿದ್ದವು, ನಾವು ಅಳೆಯದೇ ಬಿಟ್ಟ ಸಂಗತಿಗಳೂ ಹಾಗೆಯೇ. ಈ ಯೂನಿಟ್ ಮುಗಿದಾಗ ನೀವು ಒಂದು ಅಧ್ಯಯನದ ವಿವರ ಓದಿ, ಯಾರು ಯಾವ ಗುಂಪಿಗೆ ಹೇಗೆ ಸೇರಿದರು ಎಂಬುದನ್ನು ಗುರುತಿಸಿ, ಅದರಿಂದ ತೀರ್ಮಾನ ಯಾವ ಕಡೆಗೆ ವಾಲುತ್ತದೆ ಎಂದು ಹೇಳಬೇಕು. "ಬಯಾಸ್ ಇದೆ" ಎಂದಷ್ಟೇ ಬರೆದರೆ ಸಾಲದು, ಯಾವ ಕಡೆಗೆ ಎಂಬುದೂ ಬೇಕು.

ಇಲ್ಲಿ ಒಂದು ಲೆಕ್ಕ ಅಲ್ಲೇ ಮಾಡಿ ತೋರಿಸುತ್ತೇನೆ, ಯಾಕೆಂದರೆ ಮೊದಲ ದಿನವೇ ಮಾಡಬಹುದಾದಷ್ಟು ಸರಳ ಅದು. ಇಡೀ 700 ಜನರಲ್ಲಿ ಸಣ್ಣ ಕಲ್ಲಿನವರು 357, ಅಂದರೆ 51%. ದೊಡ್ಡ ಕಲ್ಲಿನವರು 49%. ಇದೇ ಬೆರಕೆ ಎರಡೂ ಚಿಕಿತ್ಸೆಗೆ ಸಿಕ್ಕಿದ್ದರೆ? 'ಅ'ಕ್ಕೆ: 93ರ 51% ಸುಮಾರು 47.4, 73ರ 49% ಸುಮಾರು 35.8, ಒಟ್ಟು ಸುಮಾರು 83. 'ಆ'ಕ್ಕೆ ಹಾಗೆಯೇ ಮಾಡಿದರೆ ಸುಮಾರು 78. ಚೀಟಿಯಲ್ಲಿದ್ದ 78 ಮತ್ತು 83 ಹೆಚ್ಚುಕಡಿಮೆ ಅದಲುಬದಲಾಗಿ ಕೂತವು. ಈ ಘಟ್ಟದಲ್ಲಿ ಹಿಂದಿನ ಬೆಂಚಿನವರೂ ಮುಂದಕ್ಕೆ ಬಾಗುತ್ತಾರೆ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಒಂದು ತಪ್ಪು ಉತ್ತರದ ಬದಲು ಇನ್ನೊಂದು ಅತಿಧೈರ್ಯದ ಉತ್ತರ ಕೊಟ್ಟು ಕಳಿಸಿದಂತೆ. ಈ ತಪ್ಪನ್ನೂ ನಾನು ಒಂದೆರಡು ವರ್ಷ ಮಾಡಿದ್ದೇನೆ. ನಾಲ್ಕನೇ ಯೂನಿಟ್, ಅಂದಾಜು ಮತ್ತು ಟೆಸ್ಟಿಂಗ್, ಬರುವುದು ಇದಕ್ಕಾಗಿ. ದೊಡ್ಡ ಕಲ್ಲಿನ ಸಾಲಿನಲ್ಲಿ 'ಅ' 73%, 'ಆ' 69%. ನಾಲ್ಕು ಅಂಕಿಯ ವ್ಯತ್ಯಾಸ. 'ಆ' ಗುಂಪಿನಲ್ಲಿ ಇರುವುದೇ 80 ಜನ. ಅವರಲ್ಲಿ ನಾಲ್ವರ ಫಲಿತಾಂಶ ಬೇರೆಯಾಗಿದ್ದರೆ ವ್ಯತ್ಯಾಸ ಮಾಯ. ಕೋರ್ಸಿನಲ್ಲಿ ಕಲಿಯುವ ಸೂತ್ರ ಹಾಕಿ 95% ಕಾನ್ಫಿಡೆನ್ಸ್ ಇಂಟರ್ವಲ್ ತೆಗೆದರೆ, ಆ ವ್ಯತ್ಯಾಸ ಸುಮಾರು −7ರಿಂದ +16ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಸೊನ್ನೆ ಒಳಗೇ ಇದೆ. ಸಣ್ಣ ಕಲ್ಲಿನ ಸಾಲಿನಲ್ಲಿ ಕೆಳಗಿನ ತುದಿ ಸೊನ್ನೆಗೆ ಸ್ವಲ್ಪ ಕೆಳಗೆ, ಮೇಲಿನದು ಸುಮಾರು 13. ಮೊದಲು ಎಲ್ಲರೂ ನಂಬಿದ ಒಟ್ಟು ಸಾಲಿನಲ್ಲಿ 'ಆ' ಮುಂದಿದ್ದದ್ದು ಸುಮಾರು 4.6 ಅಂಕಿ, ಅದರ ಇಂಟರ್ವಲ್ಲೂ −1ರಿಂದ 10ರ ಆಚೀಚೆ. ಅಂದರೆ ಗಾತ್ರದ ಮಾತೇ ಎತ್ತದೆಯೂ ಚೀಟಿಯಲ್ಲಿ ಬರೆದ ಧೈರ್ಯಕ್ಕೆ ಆಧಾರ ಸಾಲದಾಗಿತ್ತು.

ಈ ಸೂತ್ರ ಎಲ್ಲಿಂದ ಬಂತು ಎಂದು ಮೊದಲ ದಿನ ಹೇಳುವುದಿಲ್ಲ. ಉತ್ತರವನ್ನಷ್ಟೇ ಬರೆದು, "ಈ ಎರಡು ತುದಿಗಳನ್ನು ಹತ್ತನೇ ವಾರದಲ್ಲಿ ನೀವೇ ಕಂಡುಹಿಡಿಯುತ್ತೀರಿ, ಅವು ಏನು ಹೇಳುತ್ತವೆ ಎಂದು ಸಂಖ್ಯಾಶಾಸ್ತ್ರ ಓದದ ಒಬ್ಬರಿಗೆ ಮೂರು ಸಾಲಿನಲ್ಲಿ ಬರೆದು ತಿಳಿಸುತ್ತೀರಿ" ಎನ್ನುತ್ತೇನೆ. ಎರಡನೇ ಅರ್ಧವೇ ಕಷ್ಟ. ಸೂತ್ರ ಹಾಕುವವರಲ್ಲಿ ಬಹಳ ಮಂದಿ ಆ ಮೂರು ಸಾಲಿನಲ್ಲಿ ಬೀಳುತ್ತಾರೆ. ಸೊನ್ನೆ ಒಳಗಿದ್ದರೆ "ಎರಡೂ ಚಿಕಿತ್ಸೆ ಒಂದೇ" ಎಂದು ಬರೆದುಬಿಡುತ್ತಾರೆ. ಒಂದೇ ಎಂದು ಗೊತ್ತಾಗಿಲ್ಲ. ಬೇರೆ ಎಂದು ಹೇಳುವಷ್ಟು ಮಾಹಿತಿ ಇಲ್ಲ, ಅಷ್ಟೇ.

ರಿಗ್ರೆಶನ್ ಬಗ್ಗೆ ಒಂದೇ ಮಾತು: ಗಾತ್ರದ ಜೊತೆಗೆ ವಯಸ್ಸು, ಕಲ್ಲಿನ ಸಂಖ್ಯೆ, ಇನ್ನೂ ನಾಲ್ಕು ಸಂಗತಿ ಸೇರಿದರೆ ಕೋಷ್ಟಕದ ಮನೆಗಳು ಖಾಲಿಯಾಗುತ್ತಾ ಹೋಗುತ್ತವೆ. ಆಗ ಬೇರೆ ಸಾಧನ ಬೇಕು, ಅದರ ಮೊದಲ ಮೆಟ್ಟಿಲು ಇದು. ಈ ಕೋರ್ಸಿನಲ್ಲಿ ಆ ಮೆಟ್ಟಿಲಾಚೆ ಹೋಗುವುದಿಲ್ಲ. ಈ ಯೂನಿಟ್ಟಿಗೂ ಚೀಟಿಯ ಲೆಕ್ಕಕ್ಕೂ ಇರುವ ನಂಟು ಸಡಿಲ, ಅದನ್ನು ಬಿಗಿಯೆಂದು ತೋರಿಸಲು ನಾನು ಹೋಗುವುದಿಲ್ಲ.

ಇದೇ ಗಂಟೆಯಲ್ಲಿ ಕೋರ್ಸ್ ಏನನ್ನು ಕೊಡಲಾರದು ಎಂಬುದನ್ನೂ ಹೇಳಬೇಕಾಗುತ್ತದೆ. ಗಾತ್ರದ ಪ್ರಕಾರ ವಿಂಗಡಿಸಬೇಕೆಂದು ಹೊಳೆದದ್ದು ಸಂಖ್ಯಾಶಾಸ್ತ್ರದಿಂದಲ್ಲ, ಕಲ್ಲು ಮತ್ತು ರೋಗಿಯ ಬಗ್ಗೆ ಇರುವ ತಿಳಿವಿನಿಂದ. ರೋಗಿಯ ಹೆಸರಿನ ಮೊದಲ ಅಕ್ಷರದ ಪ್ರಕಾರವೂ ವಿಂಗಡಿಸಬಹುದು. ಹಾಗೆ ಮಾಡಬಾರದೆಂದು ಯಾವ ಸೂತ್ರವೂ ಹೇಳುವುದಿಲ್ಲ. ವಿಂಗಡಿಸಿದಷ್ಟೂ ಸತ್ಯ ಹತ್ತಿರ ಬರುತ್ತದೆ ಎಂಬುದೂ ಸುಳ್ಳು. ಚಿಕಿತ್ಸೆಯ ಬಳಿಕ ಎಷ್ಟು ದಿನ ಹಾಸಿಗೆಯಲ್ಲಿದ್ದರು ಎಂಬುದರ ಪ್ರಕಾರ ಗುಂಪು ಮಾಡಿದರೆ, ಚಿಕಿತ್ಸೆಯ ಪರಿಣಾಮವನ್ನೇ ಕತ್ತರಿಸಿ ತೆಗೆದಂತಾಗುತ್ತದೆ, ಏಕೆಂದರೆ ಆ ದಿನಗಳು ಹುಟ್ಟಿದ್ದೇ ಚಿಕಿತ್ಸೆಯಿಂದ. ಗಾತ್ರವಾದರೋ ಚಿಕಿತ್ಸೆಗಿಂತ ಮೊದಲೇ ಇದ್ದದ್ದು. ಈ ಭೇದವನ್ನು ಗುರುತಿಸುವುದು ಈ ಕೋರ್ಸಿನಲ್ಲಿದೆ. ಗೋಜಲಾದ ಪ್ರಕರಣಗಳಲ್ಲಿ ಅದನ್ನು ಬಿಡಿಸುವುದು ಇಲ್ಲ.

ಇಷ್ಟಾದ ಮೇಲೂ ಮೊದಲ ದಿನದ ಈ ಮಾತು ಪೊಳ್ಳಾಗುವುದು ಸುಲಭ, ಪೊಳ್ಳಾಗಿದೆಯೋ ಇಲ್ಲವೋ ತಿಳಿಯುವುದೂ ಸುಲಭ. ಕ್ರಿಯಾಪದಗಳ ಪಟ್ಟಿಯನ್ನು ಎಡಕ್ಕೂ ಕಳೆದ ವರ್ಷದ ಪ್ರಶ್ನೆಪತ್ರಿಕೆಯನ್ನು ಬಲಕ್ಕೂ ಇಟ್ಟು ನೋಡಬೇಕು. ಎಡದಲ್ಲಿ "ಭಾಜಕ ಆರಿಸಿ ಕಾರಣ ಹೇಳುವಿರಿ" ಎಂದಿದ್ದು ಬಲದಲ್ಲಿ "ಷರತ್ತುಬದ್ಧ ಸಂಭವನೀಯತೆಯನ್ನು ವ್ಯಾಖ್ಯಾನಿಸಿ" ಎಂದಿದ್ದರೆ, ವಿದ್ಯಾರ್ಥಿಗಳು ಬಲಗಡೆಯದನ್ನೇ ನಂಬುತ್ತಾರೆ. ನಂಬಬೇಕಾದದ್ದೂ ಅದನ್ನೇ. ನಾನು ಮೊದಲ ಸಲ ಹೀಗೆ ಇಟ್ಟು ನೋಡಿದಾಗ ಎಂಟು ಪ್ರಶ್ನೆಗಳಲ್ಲಿ ಎಡಗಡೆಯ ಕೆಲಸವನ್ನು ನಿಜವಾಗಿ ಮಾಡಿಸುತ್ತಿದ್ದದ್ದು ಎರಡು.

ಅದಕ್ಕೇ ಗಂಟೆಯ ಕೊನೆಗೆ "ಸರ್, ಇದು ಪರೀಕ್ಷೆಗೆ ಬರುತ್ತಾ?" ಎಂದು ಯಾರಾದರೂ ಕೇಳಿದಾಗ, ಯಾರೂ ಕೇಳದ ವರ್ಷವಿಲ್ಲ, ನಾನು ಬೇಸರಪಡುವುದನ್ನು ಬಿಟ್ಟಿದ್ದೇನೆ. ಬರುತ್ತದೆ ಎಂದು ಹಿಂದಿನ ವರ್ಷದ ಪ್ರಶ್ನೆಯನ್ನೇ ತೋರಿಸುತ್ತೇನೆ. ಬೇರೆ ಎರಡು ಔಷಧಗಳು, ಬೇರೆ ಅಂಕಿಗಳು, ಒಟ್ಟು ಸಾಲು ಮಾತ್ರ ಕೊಟ್ಟಿರುತ್ತದೆ. ಶೇಕಡಾವಾರು ತೆಗೆದರೆ 2 ಅಂಕ. ಇಂಟರ್ವಲ್ ತೆಗೆದು ಅದರ ಅರ್ಥ ಬರೆದರೆ 6. ತೀರ್ಮಾನಿಸುವ ಮೊದಲು ಯಾವ ಮಾಹಿತಿ ಕೇಳುತ್ತೀರಿ, ಅದು ಬಂದರೆ ಉತ್ತರ ಯಾವ ಕಡೆಗೆ ತಿರುಗಬಹುದು ಎಂದು ಬರೆದರೆ 7. ಚೀಟಿಯಲ್ಲಿ ಅವರು ಖಾಲಿ ಬಿಟ್ಟ ಮೂರನೇ ಪ್ರಶ್ನೆಗೇ ಹೆಚ್ಚು ಅಂಕವಿರುವುದು ಮುಂದಿನ ಬೆಂಚಿನವರಿಗೆ ಕಾಣುತ್ತದೆ, ಒಬ್ಬರಿಬ್ಬರು ಚೀಟಿ ವಾಪಸ್ ಕೊಡಿ, ತಿದ್ದಿ ಕೊಡುತ್ತೇವೆ ಎನ್ನುತ್ತಾರೆ. ಕೊಡುವುದಿಲ್ಲ.

ಕೊನೆಯ ವಾರ ಅದೇ ಮೂರು ಪ್ರಶ್ನೆಗಳ ಹೊಸ ಚೀಟಿ ಕೊಟ್ಟು, ಬರೆದಾದ ಮೇಲೆ ಹಳೆಯದನ್ನು ಹಿಂತಿರುಗಿಸುತ್ತೇನೆ. ಮೊದಲ ಉತ್ತರ 'ಆ'ದಿಂದ 'ಅ'ಕ್ಕೆ ಬದಲಾಗಿದೆಯೇ ಎಂದು ನಾನು ನೋಡುವುದಿಲ್ಲ, ಕೋಷ್ಟಕವನ್ನು ಎಲ್ಲರೂ ಕಂಡಿದ್ದಾರಲ್ಲ. ನೋಡುವುದು ಮೂರನೆಯದನ್ನು. ಹೋದ ಸಲ ಒಬ್ಬಳು ಹಳೆಯ ಚೀಟಿಯಲ್ಲಿ "ಏನೂ ಇಲ್ಲ" ಎಂದು ಬರೆದಿದ್ದಳು. ಹೊಸದರಲ್ಲಿ ಅದೇ ಜಾಗದಲ್ಲಿ ಐದು ಸಾಲು: ರೋಗಿಗಳನ್ನು ಯಾರು ಹಂಚಿದರು, ಎರಡೂ ಗುಂಪಿನ ವಯಸ್ಸು ಎಷ್ಟು, ಮೂರು ತಿಂಗಳಿಗೆ ಮರಳಿ ಬಾರದವರನ್ನು ಯಾವ ಕಡೆ ಲೆಕ್ಕ ಹಾಕಿದರು. ಕೊನೆಯದನ್ನು ನಾನು ತರಗತಿಯಲ್ಲಿ ಹೇಳಿಯೇ ಇರಲಿಲ್ಲ.